ಕಪ್ಪು, ಎಣ್ಣೆಗೆಂಪು ಚರ್ಮಕ್ಕೆ ಸನ್‌ಸ್ಕ್ರೀನ್: ಟ್ಯೂಬಿನ ಹಿಂಬದಿ ಓದಿ ಆರಿಸುವ ಕ್ರಮ

ಕೇಳಿಬರುವ ದೂರು ಎರಡೇ ಬಗೆಯದು. "ಹಚ್ಚಿದ್ರ ಮುಖಕ್ಕೆ ವಿಭೂತಿ ಬಳದಂಗ ಕಾಣ್ತತಿ, ಹನ್ನೊಂದು ಗಂಟಿಗೆಲ್ಲ ಬೆವರಿನ ಜೊತಿ ಇಳದು ಕಣ್ಣುರಿ" ಎಂಬುದು ಒಂದು. "ಆರು ತಿಂಗಳಿಂದ ದಿನಾ ಹಚ್ಚಾಕತ್ತೀನಿ, ಕೆನ್ನಿ ಮ್ಯಾಲಿನ ಬಂಗು ಮಾತ್ರ ಹಂಗ ಐತಿ" ಎಂಬುದು ಇನ್ನೊಂದು. ಎರಡೂ ಕಡೆ ನಡೆದಿರುವುದು ಒಂದೇ ತಪ್ಪು. ಟ್ಯೂಬಿನ ಮುಂಬದಿಯ ದೊಡ್ಡ ಅಂಕಿ ನೋಡಿ ದುಡ್ಡು ಕೊಟ್ಟಿರುತ್ತಾರೆ, ಹಿಂಬದಿಯ ಸಣ್ಣಕ್ಷರ ಓದಿರುವುದಿಲ್ಲ.

ಲೆಕ್ಕ ಸುಲಭವಾಗಲೆಂದು ಒಬ್ಬರನ್ನು ಮುಂದಿಟ್ಟುಕೊಳ್ಳೋಣ. ದಾವಣಗೆರೆಯಿಂದ ಹರಿಹರಕ್ಕೆ ದಿನಾ ಸ್ಕೂಟರಿನಲ್ಲಿ ಹೋಗಿಬರುವ ಶಾಲಾ ಶಿಕ್ಷಕಿ. ಎಣ್ಣೆಗೆಂಪಿಗಿಂತ ಒಂದು ಛಾಯೆ ಕಪ್ಪು ಮೈಬಣ್ಣ, ಮೂಗು–ಹಣೆಯಲ್ಲಿ ಎಣ್ಣೆ ಜಿನುಗುವ ಚರ್ಮ, ಎರಡೂ ಕೆನ್ನೆಯಲ್ಲಿ ತಿಳಿಕಂದು ಬಂಗು. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಡುತ್ತಾರೆ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಕ್ಕಳ ಜೊತೆ ಮೈದಾನದಲ್ಲಿರುತ್ತಾರೆ, ಸಂಜೆ ಐದಕ್ಕೆ ವಾಪಸು. ಇವರಿಗೆ ಯಾವುದು ಸರಿ?

ಅಂಗಡಿಗೆ ಹೊರಡುವಾಗ ಮೂರು ಸಾಮಾನು ಜೊತೆಗಿರಲಿ: ಅಕ್ಷರ ದೊಡ್ಡದು ಮಾಡಿ ನೋಡಲು ಕ್ಯಾಮೆರಾ ಇರುವ ಮೊಬೈಲು, ಎರಡು ಬಿಳಿ ಟಿಶ್ಯೂ, ಒಂದು ಪುಟ್ಟ ಕನ್ನಡಿ.

## 1. ಯಾವ ಬಿಸಿಲು, ಯಾವ ಸೆಕೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ

ನಮ್ಮ ಕಡೆ ಮಾರ್ಚ್, ಏಪ್ರಿಲ್‌ನದು ಒಣ ಬಿಸಿಲು. ಬೆವರು ಬಂದದ್ದೇ ಆರಿಹೋಗುತ್ತದೆ. ಅಡ್ಡಮಳೆ ಒಂದೆರಡು ಬಿದ್ದ ಮೇಲೆ ಶುರುವಾಗುವ ಜಿಗುಟು ಸೆಕೆಯ ಮಾತೇ ಬೇರೆ. ಬೆವರು ಆರುವುದಿಲ್ಲ, ಚರ್ಮದ ಮೇಲೆ ನೀರಿನ ಪದರವಾಗಿ ನಿಂತು ಸನ್‌ಸ್ಕ್ರೀನನ್ನು ಎತ್ತಿಕೊಂಡು ಕೆಳಗಿಳಿಯುತ್ತದೆ. ಏಪ್ರಿಲ್‌ನಲ್ಲಿ ಚೆನ್ನಾಗಿದ್ದ ಕ್ರೀಮು ಜೂನ್‌ನಲ್ಲಿ ಕೈಕೊಡುವುದು ಇದಕ್ಕೇ.

ಮೋಡ ಇದೆಯೆಂದು ಮಳೆಗಾಲದಲ್ಲಿ ಬಿಟ್ಟುಬಿಡುವವರು ಒಂದು ವಿಷಯ ಗಮನಿಸಿ. ದಾವಣಗೆರೆ, ಚಿತ್ರದುರ್ಗ ಎರಡೂ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹಾಗಾಗಿ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ. ಆಗಸ್ಟ್‌ನಲ್ಲಿ ಮೋಡ ಸರಿದ ಅರ್ಧ ಗಂಟೆಯ ಬಿಸಿಲು ಏಪ್ರಿಲ್‌ನ ಬಿಸಿಲಿಗೆ ಏನೂ ಕಡಿಮೆಯಲ್ಲ. ಹೊರಗೆ ನಿಂತಾಗ ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇದ್ದರೆ ಬಿಸಿಲು ಜೋರಾಗಿದೆ ಎಂದೇ ಲೆಕ್ಕ. ಶಿಕ್ಷಕಿಯ ಮೈದಾನದ ಮುಕ್ಕಾಲು ಗಂಟೆ ಇದರಲ್ಲೇ ಬೀಳುತ್ತದೆ.

## 2. ಮುಂಬದಿಯಲ್ಲಿ ಎಸ್‌ಪಿಎಫ್‌ಗಿಂತ ಮೊದಲು ಪಿಎ ನೋಡಿ

ಎಸ್‌ಪಿಎಫ್ ಅಳೆಯುವುದು ಚರ್ಮ ಕೆಂಪಾಗಿ ಸುಡುವುದನ್ನು ಎಷ್ಟು ತಡೆಯುತ್ತದೆ ಎಂದು. ಅದಕ್ಕೆ ಮುಖ್ಯ ಕಾರಣ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಕಿರಣ. ಪರೀಕ್ಷೆ ಮಾಡುವುದೂ ಬೇಗ ಕೆಂಪಾಗುವ ತಿಳಿಬಣ್ಣದ ಚರ್ಮದ ಮೇಲೆ. ನಮ್ಮ ತೊಂದರೆ ಅದಲ್ಲ. ಕಪ್ಪು ಚರ್ಮ ಕೆಂಪಾಗುವುದಕ್ಕೆ ಮೊದಲೇ ಕಪ್ಪಾಗುತ್ತದೆ. ಬಂಗು, ಮೊಡವೆ ಕಲೆ, ಹಣೆಯ ಪಟ್ಟೆ ಎಲ್ಲವೂ ಈ ಕಪ್ಪಿನ ಲೆಕ್ಕಕ್ಕೆ ಸೇರಿದವು.

ಆ ಕಪ್ಪನ್ನು ಅಳೆಯುವುದು ಪಿಎ. ಜಪಾನಿನಿಂದ ಬಂದ ಈ ಗುರುತಿನ ಪರೀಕ್ಷೆಯಲ್ಲಿ ಬಿಸಿಲಿನ ಇನ್ನೊಂದು ಕಾಣದ ಕಿರಣವಾದ ಯುವಿಎಯನ್ನು ಚರ್ಮದ ಮೇಲೆ ಬೀಳಿಸಿ, ಅದು ಕಪ್ಪಾಗುವುದು ಎಷ್ಟು ತಡವಾಗುತ್ತದೆ ಎಂದೇ ನೋಡುತ್ತಾರೆ. ಒಂದು ಪ್ಲಸ್ ಎಂದರೆ 2ರಿಂದ 4 ಪಟ್ಟು, ಎರಡು ಪ್ಲಸ್ 4ರಿಂದ 8, ಮೂರು ಪ್ಲಸ್ 8ರಿಂದ 16, ನಾಲ್ಕು ಪ್ಲಸ್ 16 ಮತ್ತು ಅದಕ್ಕೂ ಮೇಲೆ. ಬಂಗು ಇದ್ದವರು ನಾಲ್ಕು ಪ್ಲಸ್ ಹುಡುಕಿ. ಇಲ್ಲದವರಿಗೆ ಮೂರು ಸಾಕು. ಪಿಎ ಬದಲು ವೃತ್ತದೊಳಗೆ ಯುವಿಎ ಎಂದು ಬರೆದಿದ್ದರೆ ಅದು ಯುರೋಪಿನ ಗುರುತು, ಯುವಿಎ ತಡೆ ಎಸ್‌ಪಿಎಫ್‌ನ ಮೂರನೇ ಒಂದು ಭಾಗವಾದರೂ ಇದೆ ಎಂದರ್ಥ. ಎಸ್‌ಪಿಎಫ್ 50 ಇದ್ದು ಈ ಎರಡೂ ಗುರುತು ಇಲ್ಲದ ಟ್ಯೂಬನ್ನು ಕಪ್ಪು ಚರ್ಮದವರು ಅಲ್ಲೇ ಇಟ್ಟು ಬನ್ನಿ.

ಎಸ್‌ಪಿಎಫ್ ಅಂಕಿಯ ಬಗ್ಗೆ ತುಂಬ ತಲೆಕೆಡಿಸಿಕೊಳ್ಳಬೇಕಿಲ್ಲ. ನೂರು ಯುವಿಬಿ ಕಿರಣ ಬಿದ್ದರೆ 30ರ ಕ್ರೀಮು ಮೂರನ್ನು ಒಳಬಿಡುತ್ತದೆ, 50ರದು ಎರಡನ್ನು. ನಾವೆಲ್ಲ ಹೇಳಿದ್ದಕ್ಕಿಂತ ಕಡಿಮೆಯೇ ಹಚ್ಚುವವರಾದ್ದರಿಂದ 50 ತೆಗೆದುಕೊಂಡರೆ ಸ್ವಲ್ಪ ಕೈಯಾಸರೆ, ಅಷ್ಟೇ. ಎಸ್‌ಪಿಎಫ್ ಅನ್ನು ಹತ್ತು ನಿಮಿಷದಿಂದ ಗುಣಿಸಿ "ಐನೂರು ನಿಮಿಷ ಚಿಂತೆಯಿಲ್ಲ" ಎನ್ನುವ ಲೆಕ್ಕ ಬೆವರುವ ಮುಖಕ್ಕೆ ನಡೆಯುವುದಿಲ್ಲ.

## 3. ಹಿಂಬದಿಯ ಪಟ್ಟಿಯನ್ನು ಎರಡು ತುದಿಯಿಂದ ಓದಿ

ಪಟ್ಟಿಯಲ್ಲಿ ಹೆಚ್ಚು ತೂಕದ ಪದಾರ್ಥ ಮೊದಲು, ಕಡಿಮೆಯದು ಆಮೇಲೆ ಬರುತ್ತದೆ. ಶೇ. 1ಕ್ಕಿಂತ ಕಡಿಮೆ ಇರುವವನ್ನು ಹೇಗೆ ಬೇಕಾದರೂ ಜೋಡಿಸಬಹುದು. ಬಣ್ಣದ ಪದಾರ್ಥಗಳನ್ನು ಎಷ್ಟೇ ಇದ್ದರೂ ಕೊನೆಗೆ ಹಾಕುವ ರೂಢಿಯಿದೆ. ಆದ್ದರಿಂದ ಮೊದಲ ಏಳೆಂಟು ಹೆಸರು ಓದಿ, ನೇರ ಕೊನೆಯ ಸಾಲಿಗೆ ಬನ್ನಿ. ನಡುವಿನದನ್ನು ಆಮೇಲೆ ನೋಡಿದರಾಯಿತು.

ಮೊದಲ ಸಾಲಲ್ಲಿ ಹುಡುಕಬೇಕಾದದ್ದು ಬಿಸಿಲು ತಡೆಯುವ ಪದಾರ್ಥ. ಅವುಗಳಲ್ಲಿ ಮೂರು ಗುಂಪು ಗೊತ್ತಿದ್ದರೆ ಸಾಕು.

ಒಂದನೆಯದು ಝಿಂಕ್ ಆಕ್ಸೈಡ್, ಟೈಟಾನಿಯಂ ಡಯಾಕ್ಸೈಡ್. ಇವು ಬಿಳಿ ಪುಡಿಗಳು. ಉರಿ, ಅಲರ್ಜಿ ಕಡಿಮೆ. ಆದರೆ ಆಕ್ವಾ, ಅಂದರೆ ನೀರಿನ, ಪಕ್ಕದಲ್ಲೇ ಝಿಂಕ್ ಆಕ್ಸೈಡ್ ಕೂತಿದ್ದು ಬಣ್ಣದ ಪದಾರ್ಥ ಯಾವುದೂ ಇಲ್ಲದಿದ್ದರೆ, ಕಪ್ಪು ಮುಖದ ಮೇಲೆ ಬೂದಿ ಛಾಯೆ ಬರುವುದು ಹೆಚ್ಚುಕಡಿಮೆ ಖಚಿತ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ತಿಕ್ಕಿದಷ್ಟೂ ಪದರ ಹಾಳಾಗುತ್ತದೆ.

ಎರಡನೆಯದು ಹಳೆಯ ಜೋಡಿ. ಅವೊಬೆನ್ಝೋನ್ ಯುವಿಎ ತಡೆಯುತ್ತದೆ. ಪಟ್ಟಿಯಲ್ಲಿ ಅದರ ಹೆಸರು ಬ್ಯುಟೈಲ್ ಮೆಥಾಕ್ಸಿ ಎಂದು ಶುರುವಾಗುತ್ತದೆ. ಆಕ್ಟಿನಾಕ್ಸೇಟ್ ಯುವಿಬಿ ತಡೆಯುತ್ತದೆ. ಅದರ ಹೆಸರು ಸಿನ್ನಮೇಟ್ ಎಂದು ಮುಗಿಯುತ್ತದೆ. ಬಿಳಿ ಬಳಿಯದ ಜೆಲ್‌ಗಳಲ್ಲಿ ಇವೇ ಹೆಚ್ಚು. ತೊಂದರೆ ಏನೆಂದರೆ ಅವೊಬೆನ್ಝೋನ್ ಬಿಸಿಲಿಗೆ ತಾನೇ ಕೆಡುವ ಪದಾರ್ಥ, ಸಿನ್ನಮೇಟ್ ಜೊತೆಗಿದ್ದರೆ ಇನ್ನೂ ಬೇಗ ಕೆಡುತ್ತದೆ. ಪಟ್ಟಿಯಲ್ಲಿ ಆಕ್ಟೊಕ್ರಿಲೀನ್ ಅಥವಾ ಮೂರನೇ ಗುಂಪಿನಲ್ಲಿ ಬಿಸ್ ಎಂದು ಶುರುವಾಗುವ ಹೆಸರು ಇದ್ದರೆ ಅದು ಅವೊಬೆನ್ಝೋನ್‌ಗೆ ಊರುಗೋಲು. ಊರುಗೋಲಿಲ್ಲದ ಜೋಡಿ ಬೇಡ.

ಮೂರನೆಯದು ಹೊಸ ತಲೆಮಾರಿನವು. ಬಿಸ್‌-ಎಥೈಲ್‌ಹೆಕ್ಸಿಲಾಕ್ಸಿ ಎಂದೋ, ಡೈಎಥೈಲಮಿನೊ ಹೈಡ್ರಾಕ್ಸಿ ಎಂದೋ ಶುರುವಾಗುವ ಮಾರುದ್ದದ ಹೆಸರುಗಳು. ಬಾಯಿಪಾಠ ಮಾಡಬೇಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಬಿಸಿಲಿಗೆ ಕೆಡುವುದಿಲ್ಲ, ಬಿಳಿ ಬಳಿಯುವುದಿಲ್ಲ, ಯುವಿಎ ಚೆನ್ನಾಗಿ ತಡೆಯುತ್ತವೆ. ಕಪ್ಪು ಚರ್ಮಕ್ಕೆ, ಸೆಕೆಗೆ ಇವೇ ಹೆಚ್ಚು ಹೊಂದುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಈಗ ಕೊನೆಯ ಸಾಲು. ಬಂಗು ಇದ್ದವರ ಪಾಲಿಗೆ ಇದೇ ಮುಖ್ಯ. ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ನೀಲಿ–ನೇರಳೆ ಭಾಗ, ಕಪ್ಪು ಚರ್ಮವನ್ನು ಇನ್ನಷ್ಟು ಕಪ್ಪು ಮಾಡುತ್ತದೆ. ತೀರ ಬಿಳಿ ಚರ್ಮದಲ್ಲಿ ಹಾಗಾಗುವುದಿಲ್ಲ. ಎಸ್‌ಪಿಎಫ್ ಆಗಲಿ ಪಿಎ ಆಗಲಿ ಇದನ್ನು ಅಳೆಯುವುದೇ ಇಲ್ಲ. ಮೇಲಿನ ಮೂರು ಗುಂಪಿನ ಪದಾರ್ಥಗಳೂ ಮುಖಕ್ಕೆ ಕಾಣದಂತೆ ಹಚ್ಚಿದಾಗ ಇದನ್ನು ಸಾಕಷ್ಟು ತಡೆಯುವುದಿಲ್ಲ. ತಡೆಯುವುದು ಐರನ್ ಆಕ್ಸೈಡ್, ಅಂದರೆ ತುಕ್ಕಿನ ಬಣ್ಣದ ಪುಡಿ. ಪಟ್ಟಿಯ ತುದಿಯಲ್ಲಿ ಐರನ್ ಆಕ್ಸೈಡ್ಸ್ ಎಂದೋ, ಸಿಐ 77491, 77492, 77499 ಎಂದೋ ಇರುತ್ತದೆ. ಕ್ರಮವಾಗಿ ಕೆಂಪು, ಹಳದಿ, ಕಪ್ಪು. ಇದು ಇರುವ ಕ್ರೀಮಿಗೆ ಬಣ್ಣ ಇದ್ದೇ ಇರುತ್ತದೆ, ಇದನ್ನೇ ಟಿಂಟೆಡ್ ಎನ್ನುವುದು. ದಿನಾ ಎಸ್‌ಪಿಎಫ್ 50 ಹಚ್ಚಿಯೂ ಬಂಗು ಕದಲದವರ ಟ್ಯೂಬಿನಲ್ಲಿ ಸಾಮಾನ್ಯವಾಗಿ ಈ ಸಾಲೇ ಇರುವುದಿಲ್ಲ.

ನಡುವಿನ ಸಾಲಿನಲ್ಲಿ ಎರಡೇ ಎಚ್ಚರಿಕೆ. ಮೊಡವೆಯವರು ಐಸೊಪ್ರೊಪೈಲ್ ಮೈರಿಸ್ಟೇಟ್ ಅಥವಾ ಕೊಬ್ಬರಿ ಎಣ್ಣೆ ಮೇಲಿನ ಸಾಲುಗಳಲ್ಲಿದ್ದರೆ ಬಿಡಿ. ಪರ್ಫ್ಯೂಮ್ ಎಂದಿದ್ದರೆ, ಅಲರ್ಜಿ ಚರ್ಮದವರು ಬಿಡಿ. ಬಿಳಿ ಚರ್ಮದಲ್ಲಿ ಸುಗಂಧದ ಅಲರ್ಜಿ ಕೆಂಪಾಗಿ ಬಂದು ಹೋಗುತ್ತದೆ, ನಮ್ಮಲ್ಲಿ ತಿಂಗಳುಗಟ್ಟಲೆ ಕಪ್ಪು ಕಲೆ ಬಿಟ್ಟುಹೋಗುತ್ತದೆ.

## 4. ಮೂರು ಟ್ಯೂಬು ಎದುರಿಟ್ಟು ಓದೋಣ

ಶಿಕ್ಷಕಿಯ ಮುಂದೆ ಮೂರು ಟ್ಯೂಬು ಇವೆ ಎನ್ನೋಣ. ಮೂರರ ಮೇಲೂ ಎಸ್‌ಪಿಎಫ್ 50.

ಮೊದಲನೆಯದರಲ್ಲಿ ಪಿಎ ಮೂರು ಪ್ಲಸ್. ಪಟ್ಟಿ ಹೀಗೆ: ಆಕ್ವಾ, ಝಿಂಕ್ ಆಕ್ಸೈಡ್, ಐಸೊಪ್ರೊಪೈಲ್ ಮೈರಿಸ್ಟೇಟ್, ಟೈಟಾನಿಯಂ ಡಯಾಕ್ಸೈಡ್, ಗ್ಲಿಸರಿನ್, ಸಿಲಿಕಾ, ಕೊನೆಗೆ ಪರ್ಫ್ಯೂಮ್. ಎರಡು ಬಿಳಿ ಪುಡಿ ಮೇಲೇ ಇವೆ, ಬಣ್ಣ ಎಲ್ಲೂ ಇಲ್ಲ. ಸಿಲಿಕಾ ಎಣ್ಣೆ ಹೀರುತ್ತದೆ ನಿಜ, ಒಣಗಿದ ಮೇಲೆ ಅದೂ ಬಿಳಿ ಧೂಳಿನಂತೆ ಕಾಣುತ್ತದೆ. ವಿಭೂತಿ ದೂರಿನ ಟ್ಯೂಬು ಇದೇ.

ಎರಡನೆಯದು ಜೆಲ್, ಪಿಎ ಮೂರು ಪ್ಲಸ್. ಆಕ್ವಾ, ಆಲ್ಕೋಹಾಲ್ ಡಿನಾಟ್, ಸಿನ್ನಮೇಟ್, ಅವೊಬೆನ್ಝೋನ್. ಆಕ್ಟೊಕ್ರಿಲೀನ್ ಇಲ್ಲ, ಹೊಸ ತಲೆಮಾರಿನ ಹೆಸರೂ ಇಲ್ಲ. ಹಚ್ಚಿದ ತಕ್ಷಣ ಆರುತ್ತದೆ, ಹಗುರ, ಬಿಳಿ ಇಲ್ಲ. ಅಂಗಡಿಯಲ್ಲಿ ಎಲ್ಲರಿಗೂ ಹಿಡಿಸುವುದು ಇದೇ. ಮೈದಾನದ ಬಿಸಿಲಿಗೆ ಯುವಿಎ ತಡೆ ಬೇಗ ಕುಸಿಯುತ್ತದೆ. ಬೆವರಿನೊಡನೆ ಕಣ್ಣಿಗಿಳಿದರೆ ಉರಿಯೂ ಹೆಚ್ಚು.

ಮೂರನೆಯದರಲ್ಲಿ ಪಿಎ ನಾಲ್ಕು ಪ್ಲಸ್, ಜೊತೆಗೆ ವಾಟರ್ ರೆಸಿಸ್ಟೆಂಟ್ ಎಂದಿದೆ. ಆಕ್ವಾ, ಡೈಎಥೈಲಮಿನೊ ಹೈಡ್ರಾಕ್ಸಿ ಎಂದು ಶುರುವಾಗುವ ಒಂದು, ಬಿಸ್‌-ಎಥೈಲ್‌ಹೆಕ್ಸಿಲಾಕ್ಸಿ ಎಂದು ಶುರುವಾಗುವ ಇನ್ನೊಂದು, ಡೈಮೆಥಿಕೋನ್, ಗ್ಲಿಸರಿನ್, ಕೊನೆಯ ಸಾಲಿನಲ್ಲಿ ಮೂರೂ ಸಿಐ ಅಂಕಿಗಳು. ಪರ್ಫ್ಯೂಮ್ ಇಲ್ಲ. ಓದಿದ ಮಟ್ಟಿಗೆ ಇದೇ ಸರಿ. ಆದರೆ ಇನ್ನೂ ದುಡ್ಡು ಕೊಡಬೇಡಿ.

## 5. ಬಣ್ಣ ಹೊಂದುತ್ತದೆಯೇ, ಚರ್ಮ ಒಪ್ಪುತ್ತದೆಯೇ

ಟೆಸ್ಟರ್ ಇದ್ದರೆ ಬಟಾಣಿಯಷ್ಟು ಬಿಳಿ ಟಿಶ್ಯೂ ಮೇಲೆ ಹಾಕಿ. ಗಟ್ಟಿ ಚಹಾದ ಕಂದು ಕಂಡರೆ ಐರನ್ ಆಕ್ಸೈಡ್ ಲೆಕ್ಕಕ್ಕಿದೆ. ಬರೀ ಪೀಚ್ ಹಣ್ಣಿನ ತೆಳು ಗುಲಾಬಿ ಕಂಡರೆ ಹೆಸರಿಗಷ್ಟೇ ಹಾಕಿದ್ದಾರೆ. ಬಿಳಿ ಚರ್ಮಕ್ಕೆ ಮಾಡಿದ ಆ ಬಣ್ಣ ಕಪ್ಪು ಮುಖದ ಮೇಲೆ ಬೂದುಗುಲಾಬಿಯಾಗಿ ಎದ್ದು ಕಾಣುತ್ತದೆ.

ಆಮೇಲೆ ದವಡೆಯ ಅಂಚಿಗೆ ಹಚ್ಚಿ. ಮುಂಗೈಗೆ ಹಚ್ಚಿ ನೋಡುವುದು ಎಲ್ಲರೂ ಮಾಡುವ ತಪ್ಪು, ಮುಂಗೈ ಬಣ್ಣವೇ ಬೇರೆ. ಹತ್ತು ನಿಮಿಷ ಬಿಟ್ಟು, ಮೆಡಿಕಲ್ ಶಾಪಿನ ಟ್ಯೂಬ್‌ಲೈಟಿನಿಂದ ಹೊರಗೆ ಹಗಲ ಬೆಳಕಿಗೆ ಬಂದು ಕನ್ನಡಿ ನೋಡಿ. ಐರನ್ ಆಕ್ಸೈಡ್ ಇರುವವು ಒಣಗುತ್ತ ಒಂದಿಷ್ಟು ಗಾಢವಾಗುವುದುಂಟು, ಅದಕ್ಕೇ ಹತ್ತು ನಿಮಿಷ. ಟೆಸ್ಟರ್ ಇಲ್ಲದ ಅಂಗಡಿಯಲ್ಲಿ ಇರುವುದರಲ್ಲೇ ಸಣ್ಣ ಪ್ಯಾಕು ಕೊಳ್ಳಿ.

ಮನೆಗೆ ತಂದ ಮೇಲೆ ಏಳು ದಿನ ಮೊಣಕೈ ಒಳಬದಿಗೆ ಒಂದು ರೂಪಾಯಿ ನಾಣ್ಯದಗಲ, ದಿನಕ್ಕೆರಡು ಸಲ ಹಚ್ಚಿ. ತುರಿಕೆ, ಗುಳ್ಳೆ ಇಲ್ಲದಿದ್ದರೆ ಮುಖಕ್ಕೆ. ಒಂದೇ ದಿನ ನೋಡಿ ಮುಖಕ್ಕೆ ಹಚ್ಚುವವರು ನಾಲ್ಕನೇ ದಿನ ಬರುವ ಅಲರ್ಜಿಗೆ ಸಿಕ್ಕಿಬೀಳುತ್ತಾರೆ.

## 6. ಅಳತೆ ಮತ್ತು ಬೆವರು

ಟ್ಯೂಬಿನ ಮೇಲಿನ ಅಂಕಿಗಳೆಲ್ಲ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪಡೆದವು. ಮುಖ, ಕಿವಿ ಸೇರಿ ಸುಮಾರು 600 ಚದರ ಸೆಂಟಿಮೀಟರ್ ಹಿಡಿದರೆ 1.2 ಗ್ರಾಂ. ತೋರುಬೆರಳು, ನಡುಬೆರಳಿನ ಬುಡದಿಂದ ತುದಿವರೆಗೆ ಎರಡು ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅರ್ಧ ಹಚ್ಚಿದರೆ 50 ಇದ್ದದ್ದು 25ಕ್ಕೋ, ಅದಕ್ಕೂ ಕೆಳಗೋ ಇಳಿಯುತ್ತದೆ. ಕುತ್ತಿಗೆಗೂ ಹಚ್ಚುವುದಾದರೆ ಬೇರೆ ಅಳತೆ ತೆಗೆದುಕೊಳ್ಳಿ. ಶಿಕ್ಷಕಿಗೆ ಅಲ್ಲಿ ದುಪ್ಪಟ್ಟಾ, ಕೈಗೆ ಉದ್ದ ತೋಳು ಸಾಕು. ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಬೆವರಿಗೆ ಇಳಿಯುವುದಿಲ್ಲ, ಖರ್ಚೂ ಇಲ್ಲ.

ಎರಡು ಗೆರೆಯನ್ನು ಒಂದೇ ಸಲ ಬಳಿಯಬೇಡಿ. ಒಂದು ಗೆರೆ ಹಚ್ಚಿ, ಎರಡು ನಿಮಿಷ ಬಿಟ್ಟು ಇನ್ನೊಂದು. ತಿಕ್ಕದೆ ಒತ್ತಿ ಹರಡಿ. ಕಣ್ಣ ರೆಪ್ಪೆಯಿಂದ ಒಂದು ಬೆರಳಗಲ ದೂರ ಬಿಡಿ, ಹುಬ್ಬಿನ ಮೇಲ್ಗಡೆ ತೆಳುವಾಗಿರಲಿ, ಕಣ್ಣಿಗಿಳಿಯುವುದು ಹಣೆಯದೇ. ಹಚ್ಚುವಾಗ ರಬ್ಬರ್ ಉಜ್ಜಿದಂತೆ ಸಣ್ಣ ಉಂಡೆಗಳು ಉದುರಿದರೆ ಕೆಳಗಿನ ಕ್ರೀಮು ಇನ್ನೂ ಹಸಿ ಇದೆ ಅಥವಾ ಎರಡಕ್ಕೂ ಹೊಂದಿಕೆಯಿಲ್ಲ. ಸೆಕೆಗಾಲದಲ್ಲಿ ಎಣ್ಣೆ ಚರ್ಮದವರು ಕೆಳಗೆ ಬೇರೆ ಕ್ರೀಮು ಹಚ್ಚುವುದೇ ಬೇಡ. ಕಾಲು ಗಂಟೆ ಆರಿದ ಮೇಲೆ ಹೆಲ್ಮೆಟ್. ತಕ್ಷಣ ಹಾಕಿಕೊಂಡರೆ ಕೆನ್ನೆಯದೆಲ್ಲ ಹೆಲ್ಮೆಟ್ಟಿನ ಸ್ಪಂಜಿಗೆ ಅಂಟುತ್ತದೆ, ಬಂಗು ಇರುವುದೂ ಅಲ್ಲೇ.

ಹೊರಗಿದ್ದಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಶಿಕ್ಷಕಿ ಹಗಲೆಲ್ಲ ಕೋಣೆಯೊಳಗಿರುವುದರಿಂದ ಮೈದಾನಕ್ಕಿಳಿಯುವ ಮುಂಚಿನದೊಂದನ್ನು ತಪ್ಪಿಸದಿದ್ದರೆ ಸಾಕು. ಆದರೆ ಕಿಟಕಿ ಪಕ್ಕದ ಕುರ್ಚಿ ಬೇಡ. ಸಾದಾ ಗಾಜು ಯುವಿಬಿ ತಡೆಯುತ್ತದೆ, ಯುವಿಎ ಒಳಬಿಡುತ್ತದೆ. ಮತ್ತೆ ಹಚ್ಚುವಾಗ ಬೆವರಿನ ಮೇಲೆ ಹಚ್ಚಬೇಡಿ, ಮೊಸರಿನಂತೆ ಒಡೆದು ಪಟ್ಟೆಪಟ್ಟೆಯಾಗುತ್ತದೆ. ಹತ್ತಿ ಕರವಸ್ತ್ರ ಒತ್ತಿ ಬೆವರು ಹೀರಿಸಿ, ಒರೆಸಬೇಡಿ, ಒಂದು ನಿಮಿಷ ಫ್ಯಾನ್ ಕೆಳಗೆ ನಿಂತು ಆಮೇಲೆ ಹಚ್ಚಿ. ವಾಟರ್ ರೆಸಿಸ್ಟೆಂಟ್ ಎಂದರೆ ನೀರಿನ ಪರೀಕ್ಷೆಯಲ್ಲಿ 40 ಅಥವಾ 80 ನಿಮಿಷ ತಡೆದಿದೆ ಎಂದಷ್ಟೇ. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡರೆ ಆ ಲೆಕ್ಕ ಮುಗಿಯಿತು.

## 7. ಈ ಗುರುತು ಕಂಡರೆ ನಿಲ್ಲಿಸಿ

ಹಚ್ಚಿದ ಕೂಡಲೇ ಚುರುಗುಟ್ಟಿ ಒಂದೆರಡು ನಿಮಿಷಕ್ಕೆ ಹೋದರೆ ಆಲ್ಕೋಹಾಲಿನದಿರಬಹುದು. ಹತ್ತು ನಿಮಿಷವಾದರೂ ಉರಿದರೆ ತೊಳೆಯಿರಿ. ಎರಡು ಮೂರು ವಾರದ ನಂತರ ಒಂದೇ ಅಳತೆಯ ಸಣ್ಣ ಗುಳ್ಳೆ ಎದ್ದರೆ ಜಿಡ್ಡು ಹೆಚ್ಚಾಗಿದೆ, ಬೇರೆ ಟ್ಯೂಬು ನೋಡಿ. ಮೊದಲಿಲ್ಲದ ಕಡೆ, ಕೆನ್ನೆಯ ಪಕ್ಕ, ಹಣೆ, ಕಿವಿಯ ಮುಂದೆ, ಬಲೆ ಬಲೆಯಾಗಿ ಬೂದುಕಂದು ಹರಡಿದರೆ ಅದನ್ನು ಬಂಗು ಹೆಚ್ಚಿತೆಂದು ತಿಳಿದು ಇನ್ನಷ್ಟು ಹಚ್ಚಬೇಡಿ. ಅಲರ್ಜಿಯಿಂದಲೂ ಹಾಗಾಗುತ್ತದೆ. ಎಲ್ಲ ನಿಲ್ಲಿಸಿ, ಟ್ಯೂಬಿನ ಸಮೇತ ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ.

ಕೌಂಟರಿನಲ್ಲಿ "ಬಂಗಿಗೆ ಇದು ಒಳ್ಳೇದು" ಎಂದು ಕೈಗಿಡುವ ಸಣ್ಣ ಟ್ಯೂಬಿನ ಪಟ್ಟಿಯಲ್ಲಿ ಹೈಡ್ರೊಕ್ವಿನೋನ್, ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಇವುಗಳಲ್ಲಿ ಯಾವುದಿದ್ದರೂ ಅದು ಔಷಧ, ಸನ್‌ಸ್ಕ್ರೀನ್ ಅಲ್ಲ. ವೈದ್ಯರ ಚೀಟಿಯಿಲ್ಲದೆ ಮುಖಕ್ಕೆ ಮುಟ್ಟಿಸಬೇಡಿ. ಸ್ಟೀರಾಯ್ಡು ಮೊದಲು ಬೆಳ್ಳಗೆ ತೋರಿಸಿ, ಬಿಟ್ಟಾಗ ಉರಿ, ಮೊಡವೆ, ಹೆಚ್ಚಿನ ಕಪ್ಪು ತರುತ್ತದೆ.

## 8. ಇಡುವ ಜಾಗ, ಮುಗಿಯುವ ದಿನ

ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿ ಹೊರಗಿನ ಗಾಳಿಗಿಂತ ಬಿಸಿ. ಅಲ್ಲಿ ಕ್ರೀಮಿನ ಎಣ್ಣೆ, ನೀರು ಬೇರೆಯಾಗುತ್ತವೆ. ಒತ್ತಿದಾಗ ಮೊದಲು ತೆಳು ನೀರು ಬಂದರೆ, ಬೆರಳಿಗೆ ರವೆ ರವೆ ಸಿಕ್ಕರೆ, ವಾಸನೆ ಬದಲಾಗಿದ್ದರೆ, ಅವಧಿ ಇದ್ದರೂ ಎಸೆಯಿರಿ. ಅಲುಗಾಡಿಸಿ ಸರಿಮಾಡಲು ಬರುವುದಿಲ್ಲ. ಶಾಲೆಯ ಬ್ಯಾಗಿನಲ್ಲಿ, ನೆರಳಲ್ಲಿದ್ದರೆ ಸಾಕು.

ತೆರೆದ ದಿನ ಟ್ಯೂಬಿನ ಮೇಲೆ ಮಾರ್ಕರಿನಿಂದ ತಾರೀಖು ಬರೆಯಿರಿ. ಒಂದು ಸಲದ 1.2 ಗ್ರಾಂ ಅನ್ನು ಲೆಕ್ಕ ಸುಲಭವಾಗಲೆಂದು 1.25 ಎಂದು ಹಿಡಿದರೆ, ದಿನಕ್ಕೆರಡು ಸಲಕ್ಕೆ ಎರಡೂವರೆ ಗ್ರಾಂ. 50 ಗ್ರಾಂ ಟ್ಯೂಬು 20 ದಿನಕ್ಕೆ ಮುಗಿಯಬೇಕು. ಬೆಲೆ 450 ರೂಪಾಯಿ ಆದರೆ ದಿನಕ್ಕೆ ಇಪ್ಪತ್ತೆರಡೂವರೆ. ಅಷ್ಟು ಕೈಗೆಟುಕದಿದ್ದರೆ ಹಚ್ಚುವುದನ್ನು ತೆಳು ಮಾಡಬೇಡಿ. ಅಗಲ ಅಂಚಿನ ಟೋಪಿಯೋ ಕೊಡೆಯೋ ಹಿಡಿದು ಮೈದಾನಕ್ಕಿಳಿಯಿರಿ, ಕ್ರೀಮನ್ನು ಬಂಗು ಇರುವ ಕೆನ್ನೆ, ಮೂಗು, ಹಣೆಗೆ ಪೂರ್ತಿ ಅಳತೆಯಲ್ಲಿ ಹಚ್ಚಿ. ಬರೆದ ತಾರೀಖಿನಿಂದ ಎರಡು ತಿಂಗಳಾದರೂ ದಿನಾ ಹಚ್ಚುವ ಆ ಟ್ಯೂಬು ಇನ್ನೂ ಕೈಯಲ್ಲೇ ಇದ್ದರೆ, ಮೂರರಲ್ಲಿ ಒಂದು ಪಾಲಷ್ಟೇ ಮುಖಕ್ಕೆ ಹೋಗಿದೆ.